ಲಾಗ್ ಸ್ಕೇಲೋ, ಲೀನಿಯರ್ ಸ್ಕೇಲೋ? 60 ರೂಪಾಯಿ ಷೇರಿನ ಪಾಠ

ಹತ್ತು ವರ್ಷ, ಇಪ್ಪತ್ತು ವರ್ಷದ ಚಾರ್ಟ್ ತೆರೆದರೆ ನಾನೀಗ ಮೊದಲು ಲಾಗ್ ಸ್ಕೇಲ್‌ಗೆ ಬದಲಾಯಿಸಿಯೇ ನೋಡೋದು. ಈ ಅಭ್ಯಾಸ ಸುಮ್ನೆ ಬಂದದ್ದಲ್ಲ, ದುಡ್ಡು ಕಳೆದುಕೊಂಡ ಮೇಲೆ ಬಂದದ್ದು.

ಒಂದು ಷೇರು 480ರಿಂದ ಇಳಿದು 60ಕ್ಕೆ ಬಂದಿತ್ತು. ಲೀನಿಯರ್ ಚಾರ್ಟಿನಲ್ಲಿ ಮೊದಲು ಕಡಿದಾದ ಇಳಿಜಾರು, ಆಮೇಲೆ ಒಂದು ವರ್ಷ ನೆಲಕ್ಕೆ ಅಂಟಿಕೊಂಡಂತಿದ್ದ ಗೆರೆ. ಬೀಳೋದೆಲ್ಲ ಬಿದ್ದಾಯ್ತು ಅಂದುಕೊಂಡು ಕೊಂಡೆ. ನಿಜಕ್ಕೂ ಆ ಒಂದು ವರ್ಷದಲ್ಲೇ ಅದು 100ರಿಂದ 60ಕ್ಕೆ ಬಿದ್ದಿತ್ತು, ಅಂದರೆ ಶೇ. 40! ಆದರೆ ಸೊನ್ನೆಯಿಂದ 480ರವರೆಗೆ ಸಮನಾಗಿ ಹಂಚಿದ ಚಾರ್ಟಿನಲ್ಲಿ 40 ರೂಪಾಯಿಗೆ ಸಿಗೋದು ಎತ್ತರದ ಹನ್ನೆರಡರಲ್ಲಿ ಒಂದು ಪಾಲು, ಕಣ್ಣಿಗೆ ಬೀಳೋದೇ ಇಲ್ಲ. ಆಮೇಲೆ 24ಕ್ಕೆ ಹೋಯಿತು. ನನ್ನ ಹಣದಲ್ಲಿ ಶೇ. 60 ಹೋದರೂ ಆ ಚಾರ್ಟಿನಲ್ಲಿ ಗೆರೆ ಇನ್ನೊಂಚೂರು ಕೆಳಗೆ ಸರಿದಿತ್ತು, ಅಷ್ಟೇ.

ಲಾಗ್‌ನಲ್ಲಿ ಎತ್ತರ ಲೆಕ್ಕ ಹಾಕೋದು ರೂಪಾಯಿಯಲ್ಲಲ್ಲ, ಶೇಕಡಾವಾರಿನಲ್ಲಿ. 480ರಿಂದ 240, 120ರಿಂದ 60, ಎರಡೂ ಅರ್ಧ ಆಗಿದ್ದು, ಹಾಗಾಗಿ ಎರಡಕ್ಕೂ ಒಂದೇ ಎತ್ತರ. ಆ ಷೇರನ್ನು ಲಾಗ್‌ನಲ್ಲಿ ನೋಡಿದ್ದರೆ ಇಳಿಜಾರು ಇನ್ನೂ ನಿಂತಿಲ್ಲ ಅಂತ ಕೊಳ್ಳುವ ಮೊದಲೇ ಗೊತ್ತಾಗುತ್ತಿತ್ತು. ನೋಡಲಿಲ್ಲ.

ಸೆನ್ಸೆಕ್ಸ್‌ನಲ್ಲೂ ಹೀಗೇ. 1992ರ ಏಪ್ರಿಲ್ 28ರಂದು ಅದು 570 ಅಂಶ ಬಿತ್ತು, 2024ರ ಜೂನ್ 4ರಂದು ಸುಮಾರು 4,390. ಲೀನಿಯರ್‌ನಲ್ಲಿ ಎರಡನೆಯದೇ ಮಹಾ ಕುಸಿತ, ಮೊದಲನೆಯದು ಚುಕ್ಕಿ. ಆದರೆ ಶೇಕಡಾ ಲೆಕ್ಕದಲ್ಲಿ ಮೊದಲನೆಯದು ಹತ್ತಿರ ಹತ್ತಿರ 13, ಎರಡನೆಯದು 6ಕ್ಕೂ ಕಡಿಮೆ.

ಹಾಗಂತ ಲಾಗ್ ಕೂಡ ಸಾಚಾ ಅಲ್ಲ. ಸೆನ್ಸೆಕ್ಸ್ 1979ರಲ್ಲಿ 100, 2024ರ ಸೆಪ್ಟೆಂಬರ್‌ನಲ್ಲಿ ಸುಮಾರು 86,000. ಅಲ್ಲಿಂದ 2025ರ ಏಪ್ರಿಲ್‌ಗೆ 71,000-72,000ದ ಆಸುಪಾಸಿಗೆ ಇಳಿಯಿತು. ಪೂರ್ತಿ ಇತಿಹಾಸದ ಲಾಗ್ ಚಾರ್ಟಿನಲ್ಲಿ ಈ ಇಳಿತ ಎತ್ತರದ ನೂರರಲ್ಲಿ ಮೂರು ಪಾಲೂ ಇಲ್ಲ, ಪೆನ್ನು ಸ್ವಲ್ಪ ನಡುಗಿದ ಹಾಗೆ ಅಷ್ಟೆ. ಸೂಚ್ಯಂಕದಲ್ಲಿ ಹತ್ತು ಲಕ್ಷ ಹಾಕಿದ್ದವನಿಗೆ ಮಾತ್ರ ಸುಮಾರು 1.7 ಲಕ್ಷ ಮಾಯ, ಅವನಿಗೆ 1979ರ ಕಥೆ ಕಟ್ಟಿಕೊಂಡು ಏನಾಗಬೇಕು? ನಷ್ಟ ತಡೆದುಕೊಳ್ಳುವ ಶಕ್ತಿ ಎಷ್ಟಿದೆ ಅಂತ ಅಳೆಯೋಕೆ ಲಾಗ್ ಚಾರ್ಟ್ ನೋಡಿದರೆ ಧೈರ್ಯ ಜಾಸ್ತಿಯೇ ಬರುತ್ತದೆ.

ಟ್ರೆಂಡ್‌ಲೈನ್ ಎಳೆಯುವವರಿಗೆ ಒಂದು ಮಾತು: ಒಂದು ಸ್ಕೇಲ್‌ನಲ್ಲಿ ಮುರಿದ ಗೆರೆ ಇನ್ನೊಂದರಲ್ಲಿ ಮುರಿದೇ ಇರಲಿಕ್ಕಿಲ್ಲ, ಅದಕ್ಕೆ ಯಾವುದರಲ್ಲಿ ಎಳೆದಿರಿ ಅಂತ ಬರೆದಿಟ್ಟುಕೊಳ್ಳಿ. ಮತ್ತೆ, ಸೊನ್ನೆ ಅಥವಾ ಅದಕ್ಕಿಂತ ಕೆಳಗಿನ ಬೆಲೆಯನ್ನು ಲಾಗ್ ತೋರಿಸೋದೇ ಇಲ್ಲ. 2020ರ ಏಪ್ರಿಲ್ 20ರಂದು ಅಮೆರಿಕದ ಕಚ್ಚಾ ತೈಲದ ಫ್ಯೂಚರ್ಸ್ ಮೈನಸ್‌ಗೆ ಹೋದ ದಿನವನ್ನು ಅದರಲ್ಲಿ ಹುಡುಕಬೇಡಿ.

ನಾನು ತಿಂಗಳಿಗಿಷ್ಟು ಅಂತ ಹಾಕುವವನು, ದಿನಾ ಮಾರಿ ಕೊಳ್ಳುವವನಲ್ಲ. ಕೊಳ್ಳುವ ಮೊದಲು ಹಳೆಯ ಇತಿಹಾಸ ನೋಡೋಕೆ ಲಾಗ್, ಕೊಂಡ ಮೇಲೆ ಕೈಯಲ್ಲಿರುವ ರೂಪಾಯಿ ಎಷ್ಟು ಅಂತ ನೋಡೋಕೆ ಕಳೆದ ಎರಡು ವರ್ಷದ ಲೀನಿಯರ್. ಆ 24 ರೂಪಾಯಿ ಷೇರು ಇನ್ನೂ ಡಿಮ್ಯಾಟ್‌ನಲ್ಲೇ ಇದೆ, ಮಾರೋಕೆ ಮನಸ್ಸು ಬಂದಿಲ್ಲ.