ವೈವಾ ದಿನಾಂಕ ಗೊತ್ತುಮಾಡುವ ಮೊದಲು ಪರೀಕ್ಷಕರ ಕೈಯಲ್ಲಿ ಯಾವ ಪ್ರತಿ ಇದೆ ಎಂದು ಕೇಳಿಕೊಳ್ಳಿ

ನನ್ನ ಪಿಎಚ್‌ಡಿ ಮೌಖಿಕ ಪರೀಕ್ಷೆ ಆರಂಭವಾದ ನಲವತ್ತು ನಿಮಿಷಗಳಲ್ಲಿ ನಿಂತುಹೋಯಿತು. ಬಾಹ್ಯ ಪರೀಕ್ಷಕರು ಓದಿಕೊಂಡು ಬಂದಿದ್ದ ಮಹಾಪ್ರಬಂಧ ನಾನು ಸಲ್ಲಿಸಿದ್ದ ಮಹಾಪ್ರಬಂಧವಾಗಿರಲಿಲ್ಲ. ಅದು ಮತ್ತೆ ನಡೆಯುವ ಹೊತ್ತಿಗೆ ಏಳು ವಾರಗಳು ಕಳೆದಿದ್ದವು. ಇದರಲ್ಲಿ ಯಾರ ದುರುದ್ದೇಶವೂ ಇರಲಿಲ್ಲ. ಪ್ರತಿಯೊಬ್ಬರೂ ತಮ್ಮ ಪಾಲಿನ ಕೆಲಸವನ್ನು ಮಾಡಿದ್ದೇವೆಂದೇ ನಂಬಿದ್ದರು. ಇಂಥದ್ದು ಯಾರಿಗೂ ಆಗಬಹುದೆಂಬ ಕಾರಣಕ್ಕೇ ನಡೆದದ್ದನ್ನು ವಿವರವಾಗಿ ಬರೆಯುತ್ತಿದ್ದೇನೆ.

ನಾನು ಸಲ್ಲಿಸಿದ ಪಿಡಿಎಫ್ 38 ಎಂಬಿ ಇತ್ತು. ಜಿಮೇಲ್‌ನಲ್ಲಿ ಲಗತ್ತಿನ ಮಿತಿ 25 ಎಂಬಿ ಆಗಿರುವುದರಿಂದ ಕಚೇರಿಯವರು ಕಡತವನ್ನು ಡ್ರೈವ್‌ನಲ್ಲಿಟ್ಟು ಅದರ ಲಿಂಕನ್ನು ಪರೀಕ್ಷಕರಿಗೆ ಕಳುಹಿಸಿದರು. ಆದರೆ ಆ ಲಿಂಕ್ ನಮ್ಮ ಸಂಸ್ಥೆಯ ಖಾತೆಗಳಿಗೆ ಮಾತ್ರ ತೆರೆದುಕೊಳ್ಳುವಂತೆ ಇತ್ತು. ಪರೀಕ್ಷಕರು ಅನುಮತಿ ಕೋರಿದ ಸಂದೇಶ ಯಾರೂ ದಿನವೂ ನೋಡದ ಒಂದು ಸಾಮಾನ್ಯ ಅಂಚೆಪೆಟ್ಟಿಗೆಗೆ ಹೋಗಿ ಕೂತಿತು. ಕೊರಿಯರ್ ಮೂಲಕ ಹೋದ ಮುದ್ರಿತ ಪ್ರತಿಗೆ ಸಹಿಯಾದ ರಸೀದಿ ಬಂದಿತ್ತಾದರೂ ಆ ಸಹಿ ಅವರ ವಿಭಾಗದ ಕಚೇರಿಯದು. ಪರೀಕ್ಷಕರು ಆ ಅವಧಿಯಲ್ಲಿ ಮನೆಯಿಂದಲೇ ಕೆಲಸ ಮಾಡುತ್ತಿದ್ದರು. ಕೊನೆಗೆ ಅವರು ನನ್ನ ಮಾರ್ಗದರ್ಶಕರಿಗೆ ಫೋನ್ ಮಾಡಿ ಪ್ರತಿ ತೆರೆಯುತ್ತಿಲ್ಲವೆಂದು ತಿಳಿಸಿದಾಗ, ಮಾರ್ಗದರ್ಶಕರು ತಮ್ಮ ಇಮೇಲ್‌ನಲ್ಲಿದ್ದ ಪಿಡಿಎಫ್ ಅನ್ನು ಆ ಕ್ಷಣವೇ ಕಳುಹಿಸಿಬಿಟ್ಟರು. ಅದು ಸಲ್ಲಿಕೆಗೆ ಎರಡು ತಿಂಗಳು ಮುಂಚಿನ ಕರಡು. ಕಡತದ ಹೆಸರು `thesis_final.pdf` ಎಂದಿತ್ತು. ಹಾಗೆ ಹೆಸರಿಟ್ಟವನು ನಾನೇ.

ಅದೇ ಫೋನ್ ಮಾತುಕತೆಯಲ್ಲಿ ದಿನಾಂಕವೂ ಗೊತ್ತಾಯಿತು: ನವೆಂಬರ್ ಮೊದಲ ವಾರ, ನಮ್ಮ ಮಧ್ಯಾಹ್ನ 3 ಗಂಟೆ. ಪರೀಕ್ಷಕರು ಯುರೋಪಿನಲ್ಲಿದ್ದರು. ಅಲ್ಲಿ ಅಕ್ಟೋಬರ್‌ನ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ, ನಮ್ಮಲ್ಲಿ ಆ ಪದ್ಧತಿಯಿಲ್ಲ. ಸೆಪ್ಟೆಂಬರ್‌ನ ಲೆಕ್ಕದಲ್ಲಿ ಬರೆದುಕೊಂಡ ಸಮಯಕ್ಕೆ ಅವರು ಬಂದಿದ್ದರೆ ನಾವು ಒಂದು ಗಂಟೆ ಕಾಯಬೇಕಾಗುತ್ತಿತ್ತು. ಕಚೇರಿಯ ಸಿಬ್ಬಂದಿಯೊಬ್ಬರು ಹಿಂದಿನ ದಿನ ಇದನ್ನು ಗಮನಿಸಿದ್ದರಿಂದ ಅಷ್ಟು ಉಳಿಯಿತು. ಪರೀಕ್ಷೆಯ ವಿಧಾನದಲ್ಲೂ ಹೀಗೆಯೇ ಆಯಿತು. ಮಾರ್ಗದರ್ಶಕರೂ ಪರೀಕ್ಷಕರೂ ಆನ್‌ಲೈನ್ ಎಂದು ಒಪ್ಪಿಕೊಂಡಿದ್ದರು, ಆದರೆ ಹೊರಟ ಆದೇಶದಲ್ಲಿ ಸ್ಥಳದಲ್ಲೇ ನಡೆಯುವ ಪರೀಕ್ಷೆ ಎಂದಿತ್ತು. ನಮ್ಮ ನಿಯಮದ ಪ್ರಕಾರ ಆನ್‌ಲೈನ್ ಪರೀಕ್ಷೆಗೆ ಪ್ರತ್ಯೇಕ ಅನುಮತಿ ಬೇಕಾಗಿದ್ದರಿಂದ ಅದನ್ನು ಕೊನೆಯ ನಾಲ್ಕು ದಿನಗಳಲ್ಲಿ ಓಡಾಡಿ ಪಡೆದೆವು. ಆ ಗಡಿಬಿಡಿಯಲ್ಲಿ ಪ್ರತಿಯ ಬಗ್ಗೆ ಯಾರೂ ಯೋಚಿಸಲಿಲ್ಲ.

ಇನ್ನು ಆ ದಿನ ತಪ್ಪು ಬೆಳಕಿಗೆ ಬಂದ ಬಗೆಯನ್ನು ಹೇಳಲೇಬೇಕು, ಏಕೆಂದರೆ ಅದನ್ನು ಇನ್ನಷ್ಟು ಬೇಗ ಗುರುತಿಸಬಹುದಿತ್ತು. ಪರೀಕ್ಷಕರು ಎರಡನೆಯ ಅಧ್ಯಾಯದ ಬಗ್ಗೆ ಕೇಳುತ್ತಾ 62ನೆಯ ಪುಟ ಎಂದರು. ಆ ಮಾತು ನನ್ನ ಮುದ್ರಿತ ಪ್ರತಿಯ 48ನೆಯ ಪುಟದಲ್ಲಿತ್ತು. ಪ್ರಮಾಣಪತ್ರ, ಕೃತಜ್ಞತೆ, ಪರಿವಿಡಿ ಮುಂತಾದ ಆರಂಭದ ಪುಟಗಳಿಗೆ ರೋಮನ್ ಅಂಕಿಗಳಿದ್ದು ಅವು ಒಟ್ಟು 14 ಇದ್ದುದರಿಂದ, ಪರದೆಯ ಮೇಲೆ ಕಾಣುವ ಪಿಡಿಎಫ್ ಪುಟಸಂಖ್ಯೆಯನ್ನು ಅವರು ಹೇಳುತ್ತಿದ್ದಾರೆಂದು ಎಲ್ಲರೂ ತಿಳಿದೆವು. ಆ ತಿಳಿವಳಿಕೆ ತಪ್ಪಾಗಿರಲಿಲ್ಲ, ಹಾಗಾಗಿ ಮುಂದಿನ ಪ್ರಶ್ನೆಗಳಿಗೂ 14 ಕಳೆದು ಪುಟ ಹುಡುಕುತ್ತಾ ಹೋದೆ. ಐದನೆಯ ಅಧ್ಯಾಯಕ್ಕೆ ಬಂದಾಗ ಲೆಕ್ಕ ತಪ್ಪಿತು. ಅವರು 171 ಎಂದರು, 14 ಕಳೆದರೆ 157 ಆಗಬೇಕು, ಆದರೆ ಅವರು ಓದಿದ ಸಾಲು ನನ್ನ ಪ್ರತಿಯ 166ನೆಯ ಪುಟದಲ್ಲಿತ್ತು. ನಡುವೆ 9 ಪುಟಗಳು ಹೆಚ್ಚಾಗಿದ್ದವು. ಇದು ಪುಟಸಂಖ್ಯೆಯ ಗೊಂದಲವಷ್ಟೇ ಆಗಿದ್ದರೆ ವ್ಯತ್ಯಾಸ ಆರಂಭದಿಂದ ಕೊನೆಯವರೆಗೆ ಒಂದೇ ಆಗಿರುತ್ತದೆ. ಮುಂದೆ ಹೋದಂತೆ ವ್ಯತ್ಯಾಸವೇ ಬದಲಾದರೆ ಎದುರಿಗಿರುವುದು ಬೇರೆ ಪ್ರತಿ. ನನಗೆ ಇದು ಹೊಳೆಯುವ ಮೊದಲೇ ಪರೀಕ್ಷಕರು, ಅರ್ಧಂಬರ್ಧ ಉತ್ತರಿಸಿದ ಪ್ರಶ್ನಾವಳಿಗಳನ್ನು ಬಿಟ್ಟು ಫಲಿತಾಂಶವನ್ನು ಏಕೆ ಮರುಪರಿಶೀಲಿಸಿಲ್ಲ ಎಂದು ಕೇಳಿದರು. ಕೊನೆಯ ಎರಡು ತಿಂಗಳಲ್ಲಿ ನಾನು ನಾಲ್ಕನೆಯ ಅಧ್ಯಾಯಕ್ಕೆ ಸೇರಿಸಿದ್ದ 9 ಪುಟಗಳಲ್ಲಿದ್ದದ್ದು ಅದೇ ಮರುಪರಿಶೀಲನೆ. ಅವರ ಆಕ್ಷೇಪ ಸಂಪೂರ್ಣ ನ್ಯಾಯವಾದದ್ದು, ಆದರೆ ಅದಕ್ಕೆ ಕೊಟ್ಟ ಉತ್ತರವನ್ನು ಅವರು ನೋಡಿಯೇ ಇರಲಿಲ್ಲ.

ಅಧ್ಯಕ್ಷರು ಪರೀಕ್ಷೆಯನ್ನು ಅಲ್ಲಿಗೇ ನಿಲ್ಲಿಸಿದರು. ದಾಖಲೆಯಲ್ಲಿರುವ ಪ್ರತಿಯನ್ನು ಬಿಟ್ಟು ಬೇರೊಂದರ ಮೇಲೆ ನಡೆದ ಪರೀಕ್ಷೆಗೆ ಸಹಿ ಹಾಕಲಾಗದು ಎಂಬ ಅವರ ನಿಲುವು ಆಗ ನನಗೆ ಕಠಿಣವೆನಿಸಿತು. ಈಗ ಅದೇ ನನ್ನನ್ನು ಕಾಪಾಡಿತು ಎಂದು ಅನಿಸುತ್ತದೆ. ಪರೀಕ್ಷಕರು ಹೊಸ ಪ್ರತಿಯನ್ನು ಓದಿ ಮತ್ತೆ ವರದಿ ಬರೆಯಬೇಕಾಯಿತು, ಹೊಸ ಆದೇಶ ಹೊರಡಬೇಕಾಯಿತು. ಹಳೆಯ ವರದಿಯನ್ನು ಆಮೇಲೆ ನೋಡಿದಾಗ ಅದರ ಮೊದಲ ಸಾಲಿನಲ್ಲೇ 243 ಪುಟಗಳ ಪ್ರಬಂಧ ಎಂದಿತ್ತು. ಸಲ್ಲಿಸಿದ ಕಡತ 252 ಪುಟಗಳದು. ವೈವಾಕ್ಕೆ ಎರಡು ವಾರ ಮೊದಲೇ ಬಂದಿದ್ದ ಆ ವರದಿಯ ಒಂದು ಸಂಖ್ಯೆಯನ್ನು ಯಾರಾದರೂ ಹೋಲಿಸಿ ನೋಡಿದ್ದರೆ ಸಾಕಾಗಿತ್ತು.

ಎರಡನೆಯ ಬಾರಿ ನಾವು ಕ್ರಮವನ್ನೇ ಬದಲಿಸಿದೆವು. ಮೊದಲು ಪ್ರತಿ, ಆಮೇಲೆ ದಿನಾಂಕ. ಅನೇಕ ಕಡೆ ಅಭ್ಯರ್ಥಿಯು ಪರೀಕ್ಷಕರಿಗೆ ನೇರವಾಗಿ ಬರೆಯುವಂತಿಲ್ಲ, ಬರೆಯಲೂಬಾರದು. ಹಾಗಾಗಿ ನಾನು ಪತ್ರದ ಕರಡನ್ನು ಬರೆದುಕೊಟ್ಟೆ, ಕಚೇರಿ ಕಳುಹಿಸಿತು. ಅದರ ಮುಖ್ಯ ಭಾಗ ಹೀಗಿತ್ತು:

"ದಾಖಲಾದ ಪ್ರತಿಯ ಪಿಡಿಎಫ್ ಅನ್ನು ಇದರೊಂದಿಗೆ ಕಳುಹಿಸಲಾಗಿದೆ. ಅದು ಆರಂಭದ 14 ಪುಟಗಳೂ ಸೇರಿ 252 ಪುಟಗಳಿದ್ದು, ನಾಲ್ಕನೆಯ ಅಧ್ಯಾಯದ ಕೊನೆಯ ಉಪವಿಭಾಗ 4.7 ಆಗಿರುತ್ತದೆ. ತಮ್ಮಲ್ಲಿ ತೆರೆದ ಕಡತದಲ್ಲಿ ಇವೆರಡೂ ಹೊಂದುತ್ತವೆಯೇ ಎಂದು ದಯವಿಟ್ಟು ತಿಳಿಸಬೇಕು. ಅದಕ್ಕೂ ಹಿಂದೆ ಬಂದ ಪ್ರತಿಗಳನ್ನು ಪರಿಗಣಿಸಬಾರದಾಗಿ ವಿನಂತಿ. ತಮ್ಮ ಉತ್ತರ ಬಂದ ಮೇಲೆ ದಿನಾಂಕವನ್ನೂ ಎರಡೂ ಕಡೆಯ ಸ್ಥಳೀಯ ಸಮಯವನ್ನೂ ಆನ್‌ಲೈನ್ ವಿಧಾನವನ್ನೂ ಒಂದೇ ಆದೇಶದಲ್ಲಿ ನಮೂದಿಸಲಾಗುವುದು."

ತಲುಪಿತೇ ಎಂದಷ್ಟೇ ಕೇಳಿದ್ದರೆ ತಲುಪಿತು ಎಂಬ ಉತ್ತರ ಮೊದಲ ಬಾರಿಯೂ ಬರುತ್ತಿತ್ತು, ಏಕೆಂದರೆ ಅವರಿಗೆ ಒಂದು ಪ್ರತಿ ನಿಜವಾಗಿಯೂ ತಲುಪಿತ್ತು. ಕಡತವನ್ನು ತೆರೆದು ನೋಡಿದರೆ ಮಾತ್ರ ಉತ್ತರಿಸಲಾಗುವ ಪ್ರಶ್ನೆಯನ್ನು ಕೇಳಬೇಕು; ಪುಟಗಳ ಸಂಖ್ಯೆ ಅಂಥ ಪ್ರಶ್ನೆ. ಆದರೆ ಎರಡು ಆವೃತ್ತಿಗಳಲ್ಲಿ ಪುಟಗಳು ಸಮವಾಗಿದ್ದು ಒಳಗಿನ ಕೋಷ್ಟಕವೊಂದು ಮಾತ್ರ ಬದಲಾಗಿದ್ದರೆ ಸಂಖ್ಯೆಯೊಂದೇ ಸಾಲದು. ಅದಕ್ಕಾಗಿಯೇ ಕೊನೆಗೆ ಬದಲಾದ ಒಂದು ಜಾಗವನ್ನೂ ಹೆಸರಿಸಿದೆವು. ಕಡತವನ್ನು ಚಿತ್ರಗಳ ಗಾತ್ರ ತಗ್ಗಿಸಿ 11 ಎಂಬಿಗೆ ಇಳಿಸಿ ಲಗತ್ತಾಗಿಯೇ ಕಳುಹಿಸಿದೆವು. ಹಾಗೆ ಇಳಿಸಿದ ಮೇಲೆ ನಕ್ಷೆಗಳೊಳಗಿನ ಸಣ್ಣ ಅಕ್ಷರಗಳು ಓದಲು ಬರುತ್ತವೆಯೇ ಎಂದು ಒಂದೊಂದಾಗಿ ನೋಡಿಕೊಂಡೆ.

ಉತ್ತರ ಮೂರನೆಯ ದಿನ ಬಂತು. ಹೊಸ ಆದೇಶ ಬಂದ ಬಳಿಕ 166ನೆಯ ಪುಟದ ಒಂದು ಕೋಷ್ಟಕದಲ್ಲಿ ಮುದ್ರಣದೋಷ ಕಣ್ಣಿಗೆ ಬಿದ್ದಾಗ ತಿದ್ದಿದ ಕಡತವನ್ನು ಕಳುಹಿಸುವ ಆಸೆಯಾಯಿತು. ಕಳುಹಿಸಲಿಲ್ಲ. ಒಂದು ಪುಟದ ತಪ್ಪೊಪ್ಪೋಲೆಯನ್ನು ಬರೆದು ಕಚೇರಿಯ ಮೂಲಕ ಎಲ್ಲ ಪರೀಕ್ಷಕರಿಗೂ ತಲುಪಿಸಿದೆ.