ಫೋಟೊ ಹಾಕಿ ಲೆಕ್ಕ ಬಿಡಿಸುವ ಆ್ಯಪ್: ಎರಡು ವರ್ಷದ ಬಳಕೆ, ರೇಖಾಗಣಿತದ ಮಟ್ಟಿಗೆ ಮೂರು ನಕ್ಷತ್ರ

ತುಮಕೂರಿನ ಟ್ಯೂಷನ್ನೊಂದರಲ್ಲಿ ಕನ್ನಡ ಮಾಧ್ಯಮದ ಎಸ್‌ಎಸ್‌ಎಲ್‌ಸಿ ಮಕ್ಕಳ ಜೊತೆ ಎರಡು ಶೈಕ್ಷಣಿಕ ವರ್ಷ ಬಳಸಿದ ಮೇಲೆ ಬರೆಯುತ್ತಿರುವ ವಿಮರ್ಶೆ ಇದು. ಆ್ಯಪ್‌ನ ಹೆಸರು ಬೇಡ. ಫೋಟೊದಿಂದ ಲೆಕ್ಕ ಓದಿಕೊಳ್ಳುವ ಬೇರೆ ಆ್ಯಪ್‌ಗಳಲ್ಲೂ ಇದೇ ಎಡವಟ್ಟು ಆಗಬಹುದು. ಬೀಜಗಣಿತಕ್ಕೆ ದೂರೇನಿಲ್ಲ. ವರ್ಗಸಮೀಕರಣ, ಸಮಾಂತರ ಶ್ರೇಢಿ ಎಲ್ಲವನ್ನೂ ಫೋಟೊ ಹೊಡೆದರೆ ಸಾಕು, ಬಿಡಿಸಿಕೊಡುತ್ತದೆ. ತ್ರಿಭುಜ, ವೃತ್ತದ ಚಿತ್ರ ಬಂದ ತಕ್ಷಣ ಮಾತ್ರ ಕಥೆ ಬೇರೆ. ಮಕ್ಕಳು ಫೋನ್ ಹಿಡಿದುಕೊಂಡು ಬಂದು ಹೇಳುವ ಮಾತು ಹೆಚ್ಚುಕಡಿಮೆ ಒಂದೇ: "ಸಾರ್, ಹಂತ ಎಲ್ಲ ಸರಿ ಇದೆ, ಉತ್ತರ ಮಾತ್ರ ಪುಸ್ತಕದ ಹಿಂದೆ ಇರೋದಲ್ಲ."

ಹಂತ ಸರಿ, ಉತ್ತರ ತಪ್ಪು ಎಂದರೆ ತಪ್ಪಿರುವುದು ದತ್ತದಲ್ಲಿ. ಫೋಟೊ ಹಾಕಿದಾಗ ಆ್ಯಪ್ ಮೊದಲು ಮಾಡುವ ಕೆಲಸ ಅಕ್ಷರ ಮತ್ತು ಅಂಕಿಗಳನ್ನು ಹೆಕ್ಕಿ ತಿದ್ದಬಹುದಾದ ಒಂದು ಪೆಟ್ಟಿಗೆಯಲ್ಲಿ ಸಾಲಾಗಿ ಇಡುವುದು. ಬಿಡಿಸುವುದು ಆ ಪೆಟ್ಟಿಗೆಯಲ್ಲಿ ಇರುವುದನ್ನೇ, ಕಾಗದದ ಮೇಲಿನ ಚಿತ್ರವನ್ನಲ್ಲ. ಪ್ರಶ್ನೆಯ ವಾಕ್ಯ ಸಾಲಿನಲ್ಲೇ ಇರುವುದರಿಂದ ನೆಟ್ಟಗೆ ಬರುತ್ತದೆ. ಚಿತ್ರದ ಮೇಲಿನ 2, 6, 1.5, 50° ಇವಕ್ಕೆ ಸಾಲು ಎಂಬುದೇ ಇಲ್ಲ. ಅವು ಯಾವ ಗೆರೆಯ ಪಕ್ಕ ಕೂತಿವೆ, ಯಾವ ಮೂಲೆಯೊಳಗಿವೆ ಎಂಬುದರಲ್ಲೇ ಅವುಗಳ ಅರ್ಥ ಇದೆ. ಅಂಕಿ ಬಂದು ಜಾಗ ಬಾರದಿದ್ದರೆ ಅದು ವಾರಸುದಾರರಿಲ್ಲದ ಆಸ್ತಿ ಇದ್ದಂತೆ, ಯಾರ ಹೆಸರಿಗೆ ಬೇಕಾದರೂ ಖಾತೆ ಆಗಿಬಿಡುತ್ತದೆ.

ಒಂದು ಲೆಕ್ಕ ನೋಡೋಣ. ತ್ರಿಭುಜ ABC ಯಲ್ಲಿ DE ∥ BC, EC ಕಂಡುಹಿಡಿಯಿರಿ. ಚಿತ್ರದಲ್ಲಿ AD ಪಕ್ಕ 2, ಅದರ ಕೆಳಗೆ DB ಪಕ್ಕ 6, ಆ ಕಡೆ AE ಪಕ್ಕ 1.5. ಪೆಟ್ಟಿಗೆಗೆ ಬರುವುದು "A 2 D 6 B C E 1.5" ಎಂಬಂಥ ಸಾಲು. ಈ 6 ಅನ್ನು DB ಎಂದುಕೊಂಡರೆ ಥೇಲ್ಸನ ಪ್ರಮೇಯದಂತೆ 2/6 = 1.5/EC, ಅಂದರೆ EC = 4.5. ಅದೇ 6 ಅನ್ನು ಇಡೀ ಬಾಹು AB ಎಂದುಕೊಂಡರೆ DB = 4 ಆಗಿ EC = 3 ಬರುತ್ತದೆ. ಎರಡರಲ್ಲೂ ಪ್ರಮೇಯ ಸರಿ, ಗುಣಾಕಾರ ಸರಿ. ಜೆರಾಕ್ಸ್ ಮಸುಕಾಗಿ ದಶಮಾಂಶದ ಚುಕ್ಕಿ ಹಾರಿಹೋದರೆ 1.5 ಎಂಬುದು 15 ಆಗಿ, EC = 45 ಸೆಂ.ಮೀ. ಆದರೂ ಆ್ಯಪ್ ಅಳುಕದೆ ಬರೆದುಕೊಡುತ್ತದೆ. ಇಷ್ಟು ದೊಡ್ಡ ತಪ್ಪನ್ನು ಮಕ್ಕಳೇ ಹಿಡಿಯುತ್ತಾರೆ. 3 ಎಂಬ ಉತ್ತರ ಮಾತ್ರ ನೋಡಲು ಮರ್ಯಾದಸ್ಥನ ಹಾಗಿರುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ.

ಚಿತ್ರ ನೋಡಿದರೆ ಗೊತ್ತಾಗುವುದಿಲ್ಲವೇ ಎಂದು ಪೋಷಕರು ಕೇಳುವುದುಂಟು. ಚಿತ್ರವನ್ನು ಅಳೆದು ನಿರ್ಧರಿಸುವ ಹಾಗಿಲ್ಲ. ಪ್ರಶ್ನೆಪತ್ರಿಕೆಯ ಚಿತ್ರ ಅಳತೆಗೆ ಸರಿಯಾಗಿ ಬರೆದದ್ದೇ ಆಗಿರಬೇಕೆಂದಿಲ್ಲ. 2 ಎಂದು ಬರೆದ ಗೆರೆ 6 ಎಂದು ಬರೆದ ಗೆರೆಯಷ್ಟೇ ಉದ್ದ ಇರಬಹುದು. ನಂಬಬೇಕಾದ್ದು ಅಂಕಿ ಮತ್ತು ಗುರುತುಗಳನ್ನು, ಆಕಾರವನ್ನಲ್ಲ.

ಕೋನಗಳ ಸಂಗತಿ ಇನ್ನೂ ನಾಜೂಕು. O ಕೇಂದ್ರದ ವೃತ್ತಕ್ಕೆ ಬಾಹ್ಯ ಬಿಂದು T ಯಿಂದ TP, TQ ಸ್ಪರ್ಶಕಗಳು, PQ ಸೇರಿಸಿದೆ, ∠POQ ಎಷ್ಟು? ಚಿತ್ರದಲ್ಲಿ P ಹತ್ತಿರ 50° ಎಂದಿದೆ. P ಶೃಂಗದಲ್ಲಿ ಮೂರು ಕೋನಗಳಿವೆ: TPQ, OPQ, ಇವೆರಡೂ ಸೇರಿದ TPO. ಕೊನೆಯದು ತ್ರಿಜ್ಯ ಮತ್ತು ಸ್ಪರ್ಶಕದ ನಡುವಿನದು, ಹಾಗಾಗಿ ಯಾವಾಗಲೂ 90°. ಉಳಿದ ಎರಡರಲ್ಲಿ 50° ಯಾವುದು? TPQ ಆದರೆ OPQ = 40°, ಆಗ POQ = 100°. OPQ ವೇ 50° ಆದರೆ POQ = 80°. ಅಂಕಿಯನ್ನು T ಹತ್ತಿರದ್ದೆಂದು ಓದಿಕೊಂಡು PTQ = 50° ಎಂದರೆ POQ = 130°. ಒಂದೇ ಅಂಕಿಗೆ ಮೂರು ಉತ್ತರ. ಆದ್ದರಿಂದ ಟೈಪ್ ಮಾಡುವಾಗ "ಕೋನ P = 50" ಎಂದು ಬರೆಯುವುದು ಏನೂ ಬರೆಯದಿದ್ದಂತೆಯೇ. ಮೂರಕ್ಷರದ ಹೆಸರೇ ಬೇಕು, ನಡುವಿನ ಅಕ್ಷರ ಶೃಂಗದ್ದಾಗಿರಬೇಕು.

ಇದರ ಮೇಲೆ ಚಿಹ್ನೆಗಳ ಕಾಟ ಬೇರೆ. ಡಿಗ್ರಿಯ ಪುಟ್ಟ ಸೊನ್ನೆ ದೊಡ್ಡದಾಗಿ 50° ಎಂಬುದು 500 ಆಗುತ್ತದೆ. ಕೇಂದ್ರದ O ಅಕ್ಷರ 0 ಆಗಿ, OP ಎಂಬ ತ್ರಿಜ್ಯವೇ ಕಾಣೆಯಾಗುತ್ತದೆ. ∥ ಎಂಬುದು 11 ಆಗುವುದು ನಮ್ಮಲ್ಲಿ ಲೆಕ್ಕವಿಲ್ಲದಷ್ಟು ಸಲ ಆಗಿದೆ. DE 11 BC ಎಂದು ಓದಿದ ಆ್ಯಪ್‌ಗೆ ಸಮಾಂತರದ ಮಾತೇ ತಲುಪಿರುವುದಿಲ್ಲ. ಅಕ್ಷರವೇ ಅಲ್ಲದ ಗುರುತುಗಳಂತೂ ಪೆಟ್ಟಿಗೆಗೆ ಬರುವುದೇ ಇಲ್ಲ. ಸಮ ಬಾಹುಗಳ ಮೇಲಿನ ಅಡ್ಡಗೀಟು, ಲಂಬಕೋನದ ಪುಟ್ಟ ಚೌಕ, ಸಮಾಂತರ ರೇಖೆಯ ಬಾಣ, ಇವುಗಳನ್ನು ವಾಕ್ಯವಾಗಿ ನಾವೇ ಬರೆಯಬೇಕು: "AB = AC", "ಕೋನ ABC = 90 ಡಿಗ್ರಿ".

ಹೀಗೆ ಟೈಪ್ ಮಾಡಿದಾಗ ಮೊದಲ ಲೆಕ್ಕಕ್ಕೆ ಸರಿ ಉತ್ತರ ಬಂತು:

```
ತ್ರಿಭುಜ ABC. D ಬಿಂದು AB ಮೇಲೆ, E ಬಿಂದು AC ಮೇಲೆ.
DE ಮತ್ತು BC ಸಮಾಂತರ.
AD = 2, DB = 6, AE = 1.5 (ಎಲ್ಲ ಸೆಂ.ಮೀ)
EC = ?
```

ಮೊದಲ ಸಾಲನ್ನು ಬಿಡಬೇಡಿ. ಯಾವ ಬಿಂದು ಯಾವ ಗೆರೆಯ ಮೇಲಿದೆ ಎಂಬುದು ಚಿತ್ರದಲ್ಲಿ ಕಣ್ಣಿಗೆ ಹೊಡೆಯುವಂತೆ ಇರುತ್ತದೆ, ಅದಕ್ಕೇ ಮಕ್ಕಳು ಅದನ್ನು ಬರೆಯುವುದನ್ನೇ ಮರೆಯುತ್ತಾರೆ. ∠ ಚಿಹ್ನೆಯನ್ನು ಕೀಬೋರ್ಡ್‌ನಲ್ಲಿ ಹುಡುಕುತ್ತ ಕೂರುವ ಬದಲು "ಕೋನ" ಎಂದು ಬರೆದರೆ ಸಾಕು. ಪೆಟ್ಟಿಗೆಯಲ್ಲಿ ತಾನಾಗಿ ಬಿದ್ದ ಚಿತ್ರದ ಅಂಕಿಗಳನ್ನು ಪೂರ್ತಿ ಅಳಿಸಿ ಹೊಸದಾಗಿ ಬರೆಯಿರಿ. ಹಳೆಯ "A 2 D 6 B" ಸಾಲು ಉಳಿದರೆ ಅದೂ ಒಂದು ದತ್ತ ಆಗಿ ಮತ್ತೆ ಗೊಂದಲ.

ಕಳಿಸುವ ಮುಂಚೆ ಒಂದು ಪರೀಕ್ಷೆ ಮಾಡಿ. ಪುಸ್ತಕ ಮುಚ್ಚಿ, ಟೈಪ್ ಮಾಡಿದ್ದನ್ನು ಪಕ್ಕದಲ್ಲಿರುವವರಿಗೆ ಓದಿ ಹೇಳಿ, ಅವರಿಂದ ರಫ್ ಹಾಳೆಯಲ್ಲಿ ಚಿತ್ರ ಬರೆಸಿ. ಅವರು "D ಎಲ್ಲಿ ಹಾಕಲಿ?" ಎಂದು ಕೇಳಿದರೆ ಒಂದು ಸಾಲು ಕಮ್ಮಿ ಇದೆ ಎಂದರ್ಥ. ಉತ್ತರ ಬಂದ ಮೇಲೂ ಕೆಳಗಿನ ಸಂಖ್ಯೆಗೆ ಕಣ್ಣು ಹಾಯಿಸುವ ಮೊದಲು ಮೇಲಿನ "ದತ್ತ" ಸಾಲುಗಳನ್ನು ಚಿತ್ರದೊಂದಿಗೆ ಒಂದೊಂದಾಗಿ ತಾಳೆ ನೋಡಬೇಕು. ಅಲ್ಲಿ AB = 6 ಎಂದಿದ್ದರೆ ಮುಂದೆ ಓದುವ ಅಗತ್ಯವೇ ಇಲ್ಲ.

ಒಂದು ನಕ್ಷತ್ರ ಕಡಿತ ಆಗಿರುವುದು ಫೋಟೊ ಓದಿದ ಮೇಲೆ "ಚಿತ್ರದ ಅಳತೆ ಪರಿಶೀಲಿಸಿ" ಎಂದು ಒಂದು ಮಾತನ್ನೂ ಕೇಳದೆ ನೇರ ಉತ್ತರಕ್ಕೆ ಹಾರುವುದಕ್ಕೆ. ಇನ್ನೊಂದು ಹೋಗಿರುವುದು ಛಾಯೆಗೊಳಿಸಿದ ಭಾಗದ ವಿಸ್ತೀರ್ಣದ ಲೆಕ್ಕಗಳಿಗೆ. ಚೌಕದೊಳಗೆ ನಾಲ್ಕು ವೃತ್ತಪಾದ, ನಡುವೆ ಒಂದು ವೃತ್ತ, ಛಾಯೆ ಉಳಿದ ಜಾಗಕ್ಕೆ. ಇದನ್ನು ಮಾತಿನಲ್ಲಿ ಬರೆಯುವಷ್ಟರಲ್ಲಿ ಲೆಕ್ಕವನ್ನೇ ಬಿಡಿಸಿ ಮುಗಿಸಬಹುದು. ಅಂಥವಕ್ಕೆ ನಾವು ಫೋನ್ ತೆಗೆಯುವುದನ್ನೇ ಬಿಟ್ಟಿದ್ದೇವೆ.