ಸ್ನೂಜ್ ಮಾಡ್ಬೇಕಾ, ಶೆಡ್ಯೂಲ್ ಮಾಡಿಡ್ಬೇಕಾ: ಉತ್ತರಕ್ಕೆ ಕಾಯೋ ಮೇಲ್‌ಗೆ ಯಾವ್ದು ಸರಿ

ಮೇಲ್ ಕಳಿಸಿರ್ತೀವಿ, ಆ ಕಡೆಯವ್ರು "ಹತ್ತನೇ ತಾರೀಖಿನೊಳಗೆ ಹೇಳ್ತೀನಿ" ಅಂದಿರ್ತಾರೆ, ಅಲ್ಲಿವರೆಗೂ ಆ ಮೇಲ್ ಕಣ್ಮುಂದೆ ಇರೋದೂ ಬೇಡ, ಮರ್ತು ಹೋಗೋದೂ ಬೇಡ. ಇದೊಂದೇ ಕೆಲಸಕ್ಕೆ ಜಿಮೇಲ್‌ನಲ್ಲಿ ಮೂರು ದಾರಿ ಟ್ರೈ ಮಾಡಿದೀನಿ. ನೋಡೋಕೆ ಮೂರೂ ಒಂದೇ ಥರ ಕಂಡ್ರೂ ಆ ಕಡೆಯಿಂದ ಉತ್ತರ ಬೇಗ ಬಂದಾಗ ಮೂರೂ ನಡ್ಕೊಳ್ಳೋ ರೀತಿ ಬೇರೆ ಬೇರೆ.

ಒಂದು ಉದಾಹರಣೆ ಹೇಳ್ತೀನಿ. ಪ್ರಿಂಟಿಂಗ್ ಕೆಲಸಕ್ಕೆ ಒಬ್ರ ಹತ್ರ ಕೊಟೇಶನ್ ಕೇಳಿದ್ದೆ, ಅವ್ರು 10ಕ್ಕೆ ಕೊಡ್ತೀನಿ ಅಂದ್ರು. ಹೋಲ್ಸಿ ನೋಡೋಣ ಅಂತ್ಲೇ ಮೊದಲ ಎರಡು ದಾರೀನ ಒಟ್ಟಿಗೆ ಹಾಕ್ದೆ: ಆ ಥ್ರೆಡ್‌ನ 12ರ ಬೆಳಗ್ಗೆಗೆ ಸ್ನೂಜ್ ಮಾಡ್ದೆ, ಅಂದ್ರೆ ಅಲ್ಲಿವರೆಗೆ ಇನ್‌ಬಾಕ್ಸ್‌ನಿಂದ ಮರೆಯಾಗಿ ಆ ಹೊತ್ತಿಗೆ ವಾಪಸ್ ಬರೋ ಹಾಗೆ ಇಟ್ಟೆ, ಜೊತೆಗೆ "ಕೊಟೇಶನ್ ಇನ್ನೂ ಬಂದಿಲ್ಲ, ಸ್ವಲ್ಪ ನೋಡ್ತೀರಾ" ಅಂತ ಅವ್ರಿಗೇ ಒಂದು ಮೇಲ್ ಬರ್ದು ಅದನ್ನೂ 12ರ ಬೆಳಗ್ಗೆಗೆ `Schedule send` ಮಾಡ್ದೆ. ಕೊಟೇಶನ್ ಬಂದಿದ್ದು 11ರ ಸಂಜೆ. ಬಂದ ತಕ್ಷಣ ಸ್ನೂಜ್ ಆಗಿದ್ದ ಥ್ರೆಡ್ ತಾನಾಗೇ ಇನ್‌ಬಾಕ್ಸ್‌ಗೆ ವಾಪಸ್ ಬಂತು, 12ರವರೆಗೆ ಕಾಯ್ಲಿಲ್ಲ. ಆದ್ರೆ ಶೆಡ್ಯೂಲ್ ಮಾಡಿದ್ದ ಮೇಲ್ `Scheduled` ಫೋಲ್ಡರ್‌ನಲ್ಲಿ ಹಾಗೇ ಕೂತಿತ್ತು, ನಾನು ಅದನ್ನ ತೆಗೀದೇ ಇದ್ದಿದ್ರೆ ಮಾರನೇ ದಿನ ಬೆಳಗ್ಗೆ ಕೊಟೇಶನ್ ಕೊಟ್ಟವ್ರಿಗೇ "ಇನ್ನೂ ಬಂದಿಲ್ಲ" ಅಂತ ಹೋಗ್ತಿತ್ತು. ಹೊಸ ಉತ್ತರ ಬಂದಿದ್ಯಾ ಅಂತ ಶೆಡ್ಯೂಲ್ ಸೆಂಡ್ ನೋಡೋದೇ ಇಲ್ಲ, ಟೈಮ್ ಆಯ್ತಾ, ಕಳಿಸ್ತು ಅಷ್ಟೇ. ಫೋಲ್ಡರ್‌ಗೆ ಹೋಗಿ ಕ್ಯಾನ್ಸಲ್ ಮಾಡಿದ್ರೆ ಅದು ಡ್ರಾಫ್ಟ್ ಆಗಿ ಉಳ್ಯತ್ತೆ, ಬರ್ದಿದ್ದೇನೂ ಹೋಗಲ್ಲ.

ಹಾಗಾಗಿ ಉತ್ತರಕ್ಕೆ ಕಾಯೋ ಕಡೆ ನನ್ ಓಟು ಸ್ನೂಜ್‌ಗೇ. ಕಂಪ್ಯೂಟರ್‌ನಲ್ಲಿ ಶಾರ್ಟ್‌ಕಟ್ ಆನ್ ಇದ್ರೆ ಥ್ರೆಡ್ ಸೆಲೆಕ್ಟ್ ಮಾಡಿ `b` ಒತ್ತಿದ್ರೆ ಸಾಕು, `Pick date & time`ನಲ್ಲಿ ಬೇಕಾದ ದಿನ ಕೊಡ್ಬೋದು. ಮಧ್ಯದಲ್ಲಿ ನೋಡ್ಬೇಕು ಅನ್ಸಿದ್ರೆ ಸರ್ಚ್‌ನಲ್ಲಿ `in:snoozed` ಅಂತ ಹಾಕಿದ್ರೆ ಎಲ್ಲಾ ಸಿಗತ್ತೆ. ಆದ್ರೆ ಇದ್ರಲ್ಲಿ ಒಂದು ನಿಜವಾದ ಕೊರತೆ ಇದೆ, ಸ್ನೂಜ್‌ಗೆ ನೋಟ್ ಬರ್ಯೋಕೆ ಜಾಗ ಇಲ್ಲ. ಮೂರು ವಾರ ಆದ್ಮೇಲೆ ಉದ್ದದ ಥ್ರೆಡ್ ಒಂದು ಮೇಲೆ ಬಂದು ನಿಂತಾಗ ಇದ್ಯಾಕೆ ಬಂತು, ನಾನೀಗ ಏನ್ ಕೇಳ್ಬೇಕಿತ್ತು ಅಂತ ಮೊದ್ಲಿಂದ ಓದ್ಬೇಕು. ಬೆಳಗ್ಗೆ 8ಕ್ಕೇ ಇಂಥವು ನಾಲ್ಕೈದು ಒಟ್ಟಿಗೆ ಬಂದ್ರೆ ಜನ ಓದಲ್ಲ, ಎಲ್ಲಾನೂ "ನಾಳೆ"ಗೆ ತಳ್ತಾರೆ. ಒಂದೇ ಥ್ರೆಡ್‌ನ ಓದದೇ ಎರಡನೇ ಸಲ ತಳ್ತಿದೀರ ಅಂದ್ರೆ ಸ್ನೂಜ್ ಕೆಲಸ ಮಾಡ್ತಿಲ್ಲ ಅಂತ್ಲೇ ಲೆಕ್ಕ.

ಅದಕ್ಕೆ ಮೂರನೇ ದಾರಿ, ಉದ್ದದ ಥ್ರೆಡ್‌ಗಳಿಗೆ ನಾನು ಇದನ್ನೇ ಮಾಡೋದು. ಅದೇ ಥ್ರೆಡ್‌ನಲ್ಲಿ ರಿಪ್ಲೈ ಒತ್ತಿ, ಟೂ ಜಾಗದಲ್ಲಿರೋ ಅವ್ರ ಅಡ್ರೆಸ್ ತೆಗ್ದು ನಮ್ದೇ ಹಾಕಿ (ಸಿಸಿ ಕೂಡ ಖಾಲಿ ಇದ್ಯಾ ನೋಡ್ಲೇಬೇಕು, ಇಲ್ಲಾಂದ್ರೆ ನಮ್ ನೋಟ್ ಅವ್ರಿಗೂ ಹೋಗತ್ತೆ), "ಪೇಪರ್ ದಪ್ಪ ಬದಲಾದ್ರೆ ರೇಟ್ ಎಷ್ಟು, ಅದನ್ನ ಕೇಳು" ಅಂತ ಒಂದು ಸಾಲು ಬರ್ದು, 12ಕ್ಕೆ ಶೆಡ್ಯೂಲ್ ಮಾಡಿ, ಥ್ರೆಡ್‌ನ ಆರ್ಕೈವ್ ಮಾಡೋದು. ಅವ್ರು ಮೊದ್ಲೇ ಉತ್ತರ ಕೊಟ್ರೆ ಆರ್ಕೈವ್ ಆದ ಥ್ರೆಡ್ ಹೇಗಿದ್ರೂ ಇನ್‌ಬಾಕ್ಸ್‌ಗೆ ಬರತ್ತೆ, ಕೊಡದೇ ಇದ್ರೆ 12ಕ್ಕೆ ನಮ್ ನೋಟ್ ಅದೇ ಥ್ರೆಡ್‌ನ ಮೇಲಕ್ಕೆ ತರತ್ತೆ. ಕೆಲಸ ಮುಗಿದ ಮೇಲೂ ನೋಟ್ ಬಂತು ಅಂದ್ಕೊಳ್ಳಿ, ಬರೋದು ನಮಗೆ ಮಾತ್ರ, ಯಾರಿಗೂ ಮುಜುಗರ ಇಲ್ಲ. ಸ್ನೂಜ್‌ಗಿಂತ ಅರ್ಧ ನಿಮಿಷ ಜಾಸ್ತಿ ಹಿಡಿಯತ್ತೆ, ಎರಡು ಸಾಲಿನ ಮೇಲ್‌ಗೆ ಇಷ್ಟೆಲ್ಲಾ ಬೇಕಿಲ್ಲ.

ಹಂಗಂತ ಬೇರೆಯವ್ರಿಗೆ ಶೆಡ್ಯೂಲ್ ಮಾಡೋದು ಕೆಟ್ಟದ್ದು ಅಂತಲ್ಲ. ಆ ಕಡೆಯವ್ರು ಏನೇ ಹೇಳ್ಲಿ ನಮ್ ಮಾತು ಬದಲಾಗಲ್ಲ ಅನ್ನೋ ಕಡೆ ಅದೇ ಬೆಸ್ಟು, ರಾತ್ರಿ ಬರ್ದಿದ್ದನ್ನ ಬೆಳಗ್ಗೆ ಕಳಿಸೋದು, ಮೀಟಿಂಗ್ ಹಿಂದಿನ ದಿನ ಅಜೆಂಡಾ ಕಳಿಸೋದು ಇಂಥದ್ದಕ್ಕೆ. ಜಿಮೇಲ್‌ನಲ್ಲಿ ಒಟ್ಟಿಗೆ 100 ಮೇಲ್‌ವರೆಗೆ ಶೆಡ್ಯೂಲ್ ಮಾಡಿಡ್ಬೋದು. ಅಟ್ಯಾಚ್ ಮಾಡಿದ ಫೈಲ್ ಮಾತ್ರ ಅವತ್ತಿನ ಕಾಪಿನೇ, ಆಮೇಲೆ ತಿದ್ದಿದ್ದು ಅದಕ್ಕೆ ಸೇರಲ್ಲ. ಬೇರೆ ದೇಶಕ್ಕೆ ಕಳಿಸೋವಾಗ ಕೊಡೋ ಟೈಮು ನೀವಿರೋ ಕಡೆಯ ಟೈಮು, ಅವ್ರ ಬೆಳಗ್ಗೆ 9 ಬೇಕು ಅಂದ್ರೆ ಲೆಕ್ಕ ಹಾಕೇ ಕೊಡ್ಬೇಕು.

ಮೆಸೇಜ್ ವಿಷ್ಯ ಚಿಕ್ಕದು. ಟೆಲಿಗ್ರಾಮ್‌ನಲ್ಲಿ `Saved Messages` ತೆಗ್ದು ಸೆಂಡ್ ಬಟನ್ ಒತ್ತಿ ಹಿಡಿದ್ರೆ ನಮಗೆ ನಾವೇ ರಿಮೈಂಡರ್ ಹಾಕ್ಕೋಬೋದು, ಮೂರನೇ ದಾರಿ ಥರಾನೇ ಚೆನ್ನಾಗಿ ನಡ್ಯತ್ತೆ. ಗೂಗಲ್ ಮೆಸೇಜಸ್‌ನಲ್ಲೂ ಸೆಂಡ್ ಒತ್ತಿ ಹಿಡಿದು ಶೆಡ್ಯೂಲ್ ಮಾಡ್ಬೋದು, ಆದ್ರೆ ಆ ಟೈಮಿಗೆ ಫೋನ್ ಆನ್ ಇದ್ದು ನೆಟ್‌ವರ್ಕ್ ಇರ್ಬೇಕು. ಜಿಮೇಲ್ ಶೆಡ್ಯೂಲ್ ಸರ್ವರ್‌ನಲ್ಲೇ ಇರತ್ತೆ, ನಿಮ್ ಫೋನ್ ಆಫ್ ಆಗಿದ್ರೂ ಮೇಲ್ ಹೋಗತ್ತೆ. ಪ್ರಯಾಣದಲ್ಲಿರೋ ದಿನ ಹೋಗ್ಲೇಬೇಕಾದ ವಿಷ್ಯ ಇದ್ರೆ ಅದನ್ನ ಎಸ್‌ಎಂಎಸ್‌ನಲ್ಲಿ ಶೆಡ್ಯೂಲ್ ಮಾಡ್ಬೇಡಿ, ಮೇಲ್‌ನಲ್ಲೇ ಮಾಡಿ.